ಅಕ್ಕನಿಗೆ ಆಪರೇಷನ್ ಮೊದಲು, ತಂಗಿಗೆ ಕೀಮೋ ಮೊದಲು

ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಭಯ ಮಾತ್ರ ಅದೇ. ಹಲವರ ಬಾಯಲ್ಲಿ ಕೇಳಿದ್ದೇನೆ.

ನಲವತ್ತು ದಾಟಿದ ಮಹಿಳೆ. ಸ್ತನದಲ್ಲಿ 4 ಸೆಂಟಿಮೀಟರ್ ಕ್ಯಾನ್ಸರ್ ಗಡ್ಡೆ, ಕಂಕುಳಿನ ಗ್ರಂಥಿಗೂ ಹರಡಿತ್ತು. ಬಯಾಪ್ಸಿ ಹೇಳಿದ್ದು ಟ್ರಿಪಲ್ ನೆಗೆಟಿವ್, ಅಂದರೆ ಹಾರ್ಮೋನ್ ಮಾತ್ರೆಗಳಿಗೆ ಬಗ್ಗದ ಬಗೆ. ವೈದ್ಯರು ಮೊದಲು ಕೀಮೋ, ಆಮೇಲೆ ಶಸ್ತ್ರಚಿಕಿತ್ಸೆ ಎಂದಿದ್ದರು.

"ಅಕ್ಕನಿಗೆ ಮೊದಲು ಆಪರೇಷನ್ ಮಾಡಿದರು. ನನ್ನದನ್ನು ಮುಟ್ಟುವುದಕ್ಕೇ ಹಿಂಜರಿಯುತ್ತಿದ್ದಾರೆ. ಕೈಮೀರಿದೆ ಎಂದೇ ಅಲ್ಲವೇ?"

ಧೈರ್ಯ ಹೇಳುವುದಷ್ಟೇ ಆಪ್ತಸಮಾಲೋಚಕರಾದ ನಮ್ಮ ಕೆಲಸ, ಔಷಧಿಯ ಮಾತು ವೈದ್ಯರಿಗೆ ಬಿಡಬೇಕು ಎನ್ನುವ ಸಹೋದ್ಯೋಗಿಗಳಿದ್ದಾರೆ. ನಾನು ಒಪ್ಪುವುದಿಲ್ಲ. ಚಿಕಿತ್ಸೆಯ ಕ್ರಮವೇ ಹುಟ್ಟಿಸಿದ ಭಯ, ಆ ಕ್ರಮದ ಕಾರಣ ತಿಳಿಯದೆ ಹೋಗುವುದಿಲ್ಲ.

ಅಕ್ಕನದು ಚಿಕ್ಕ ಗಡ್ಡೆ. ಅದನ್ನು ತೆಗೆದ ಮೇಲೆ ಕೊಟ್ಟ ಕೀಮೋ ಅಡ್ಜುವಂಟ್: ದೇಹದಲ್ಲಿ ಎಲ್ಲಾದರೂ ಕಣ್ಣಿಗೆ ಕಾಣದ ಕ್ಯಾನ್ಸರ್ ಕಣಗಳು ಉಳಿದಿದ್ದರೆ ಅವುಗಳ ಮೇಲೆ. ಅಲ್ಲಿ ಔಷಧಿ ಕೆಲಸ ಮಾಡಿತೇ ಎಂದು ನೋಡಲು ಗಡ್ಡೆಯೇ ಇರುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ಕೊಡುವುದು ನಿಯೋಅಡ್ಜುವಂಟ್. ಕಾಣದ ಕಣಗಳಿಗೆ ಅದೂ ತಲುಪುತ್ತದೆ. ಜೊತೆಗೆ ಗಡ್ಡೆ ಕುಗ್ಗುತ್ತಿದೆಯೇ ಎಂದು ಅಳೆಯಬಹುದು. ಚೆನ್ನಾಗಿ ಕುಗ್ಗಿದರೆ ಇಡೀ ಸ್ತನ ತೆಗೆಯದೆ ಗಡ್ಡೆಯ ಭಾಗವನ್ನಷ್ಟೇ ತೆಗೆಯಲು ಸಾಧ್ಯವಾಗಬಹುದು.

"ಹಾಗಾದರೆ ಮೊದಲು ಕೊಟ್ಟರೆ ಹೆಚ್ಚು ದಿನ ಬದುಕುತ್ತೇನೆಯೇ?" ಎಂದು ಕೇಳಿದರು. ಹೌದು ಎನ್ನುವುದು ಸುಲಭವಿತ್ತು. ನಾನು ಹೇಳಲಿಲ್ಲ. ಒಂದೇ ಕೀಮೋವನ್ನು ಮುಂಚೆ ಮತ್ತು ನಂತರ ಕೊಟ್ಟು ಹೋಲಿಸಿದ ಎನ್‌ಎಸ್‌ಎಬಿಪಿ ಬಿ-18 ಅಧ್ಯಯನದಲ್ಲಿ ಬದುಕುಳಿದವರ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ಸಿಗುವ ಲಾಭ ಬೇರೆ: ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಭಾಗದ ಪರೀಕ್ಷೆಯಲ್ಲಿ ಕ್ಯಾನ್ಸರ್ ಉಳಿದಿದೆಯೇ ಎಂದು ತಿಳಿಯುತ್ತದೆ, ಮುಂದಿನ ಔಷಧಿಯನ್ನು ಅದು ನಿರ್ಧರಿಸುತ್ತದೆ.

ನನ್ನ ಸಲಹೆ ಇಷ್ಟಿತ್ತು. ವೈದ್ಯರನ್ನು ಮೊದಲು ನೇರವಾಗಿ ಕೇಳಿ: ಇವತ್ತೇ ಆಪರೇಷನ್ ಮಾಡಬೇಕೆಂದರೆ ಮಾಡಬಹುದೇ? ಎರಡನೆಯದು, ಕೀಮೋಗೆ ಮುಂಚೆ ಗಡ್ಡೆಯೊಳಗೆ ಸಣ್ಣ ಲೋಹದ ಕ್ಲಿಪ್ ಇಡುತ್ತಾರೆಯೇ? ಗಡ್ಡೆ ಪೂರ್ತಿ ಕರಗಿಹೋದರೂ ಆ ಜಾಗವನ್ನು ತೆಗೆದು ಪರೀಕ್ಷಿಸಲೇಬೇಕು. ಗುರುತಿಲ್ಲದಿದ್ದರೆ ಶಸ್ತ್ರವೈದ್ಯರು ಹುಡುಕುವುದೆಲ್ಲಿ? ಕೊನೆಯದು, ನಡುವೆ ಅಳತೆ ಯಾವಾಗ? ಕೆಲವರಲ್ಲಿ ಕೀಮೋ ನಡೆಯುತ್ತಿರುವಾಗಲೇ ಗಡ್ಡೆ ಬೆಳೆಯುತ್ತದೆ. ಆಗ ಔಷಧಿ ಬದಲಿಸುತ್ತಾರೆ, ಇಲ್ಲವೇ ಆಪರೇಷನ್ ಬೇಗನೆ ಮಾಡುತ್ತಾರೆ. ಹಾಗಾಗಿ ಗಡ್ಡೆ ದೊಡ್ಡದಾದಂತೆ ಅನಿಸಿದರೆ ಮುಂದಿನ ಸುತ್ತಿನವರೆಗೆ ಸುಮ್ಮನಿರಬೇಡಿ ಎಂದೆ.

ಮೊದಲ ಪ್ರಶ್ನೆಗೆ ವೈದ್ಯರು ಮಾಡಬಹುದು ಎಂದರಂತೆ. ಅದೇ ವಾರ ಕೀಮೋ ಶುರುವಾಯಿತು. ಗಡ್ಡೆ ಬೆರಳಿಗೆ ಸಿಗದಷ್ಟು ಕುಗ್ಗಿತು, ಸ್ತನ ಉಳಿಯಿತು. ಆದರೆ ತೆಗೆದ ಭಾಗದಲ್ಲಿ ಸ್ವಲ್ಪ ಕ್ಯಾನ್ಸರ್ ಉಳಿದಿತ್ತು. ಆದ್ದರಿಂದ ಕ್ಯಾಪೆಸಿಟಬೀನ್ ಎಂಬ ಕೀಮೋ ಮಾತ್ರೆ ಬರೆದುಕೊಟ್ಟರು. "ಈಗ ಇದು ಅಡ್ಜುವಂಟ್ ತಾನೇ?" ಎಂದು ಅವರೇ ಕೇಳಿದರು. ಹೌದು, ಇದು ಅದೇ.