ಗೀಸರ್ ಜೊತೆ ಮೈಕ್ರೋವೇವ್ ಹಾಕಿದಾಗಷ್ಟೇ ಎಂಸಿಬಿ ಯಾಕೆ ಬೀಳುತ್ತದೆ?

ಪ್ರಶ್ನೆ: ಗೀಸರ್ ಒಂದೇ ಹಾಕಿದರೆ ಏನೂ ಆಗಲ್ಲ. ಮೈಕ್ರೋವೇವ್ ಒಂದೇ ಹಾಕಿದರೂ ಆಗಲ್ಲ. ಎರಡೂ ಇದ್ದರೆ ಹತ್ತು ಹದಿನೈದು ನಿಮಿಷಕ್ಕೆ ಎಂಸಿಬಿ ಬೀಳುತ್ತದೆ, ಅದೂ ದಿನಾ ಅಲ್ಲ. ಗೀಸರ್ 25 ಲೀಟರ್, 3000 ವ್ಯಾಟ್. ಮೈಕ್ರೋವೇವ್ 900 ವ್ಯಾಟ್. ಎಂಸಿಬಿ ಮೇಲೆ C16 ಅಂತ ಇದೆ. ಅದು ಕೆಟ್ಟಿದೆ, 32ರದ್ದು ಹಾಕಿಸಿ ಅಂತಾರೆ ಎಲೆಕ್ಟ್ರಿಷಿಯನ್. ಹಾಕಿಸಲಾ?

ಬೇಡ. ನಿಮ್ಮ ಎಂಸಿಬಿ ಕೆಟ್ಟಿಲ್ಲ, ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಜೊತೆಗೆ ಇದೇ ಕೆಟ್ಟ ಸಲಹೆಯೂ ಬರುತ್ತದೆ. ಹಾಗಾಗಿ ಲೆಕ್ಕ ಹಾಕಿಯೇ ಹೇಳುತ್ತೇನೆ.

ವ್ಯಾಟನ್ನು ವೋಲ್ಟೇಜಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 230 ವೋಲ್ಟಿನಲ್ಲಿ ನಿಮ್ಮ ಗೀಸರ್ 13 ಆಂಪಿಯರ್ ಎಳೆಯುತ್ತದೆ. ಮೈಕ್ರೋವೇವ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. 900 ವ್ಯಾಟ್ ಅನ್ನುವುದು ಅಡುಗೆಗೆ ಸಿಗುವ ಶಕ್ತಿ, ಗೋಡೆಯಿಂದ ಎಳೆಯುವುದಲ್ಲ. ಹಿಂಬದಿಯ ಪಟ್ಟಿಯಲ್ಲಿ ಇನ್‌ಪುಟ್ ಎಷ್ಟು ಅಂತ ಬರೆದಿರುತ್ತದೆ, ಅದನ್ನೇ ನೋಡಿ. ಇಂಥ ಓವನ್‌ಗೆ ಅದು 1400 ವ್ಯಾಟ್ ಆಸುಪಾಸು ಇರುತ್ತದೆ, ಅಂದರೆ ಸುಮಾರು 6 ಆಂಪಿಯರ್. ಎರಡೂ ಸೇರಿ 19. ಅದೇ ಲೈನಿನಲ್ಲಿ ಫ್ರಿಜ್ ಕೂಡ ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ.

C16 ಅಂದರೆ 16 ಆಂಪಿಯರಿನ ಎಂಸಿಬಿ. ಹಾಗಾದರೆ 16 ದಾಟಿದ ಕೂಡಲೇ ಯಾಕೆ ಬೀಳುವುದಿಲ್ಲ? ಎಂಸಿಬಿ ಒಳಗೆ ಎರಡು ಲೋಹ ಬೆಸೆದ ಒಂದು ಪಟ್ಟಿ ಇದೆ. ಕರೆಂಟ್ ಹರಿದಷ್ಟೂ ಅದು ಬಿಸಿಯಾಗಿ ನಿಧಾನಕ್ಕೆ ಬಾಗುತ್ತದೆ, ಸಾಕಷ್ಟು ಬಾಗಿದಾಗ ಲಿವರ್ ಬಿಡಿಸುತ್ತದೆ. ಮನೆಯ ಎಂಸಿಬಿಗಳ ಮಾನದಂಡದ ಪ್ರಕಾರ, ಬರೆದ ಅಂಕಿಯ 1.13 ಪಟ್ಟು ಕರೆಂಟಿಗೆ ಅದು ಒಂದು ಗಂಟೆ ಬೀಳಬಾರದು. 1.45 ಪಟ್ಟಿಗೆ ಒಂದು ಗಂಟೆಯೊಳಗೆ ಬೀಳಲೇಬೇಕು. 16ಕ್ಕೆ ಅದು ಸುಮಾರು 18 ಮತ್ತು 23 ಆಂಪಿಯರ್. ನಿಮ್ಮ 19 ಸರಿಯಾಗಿ ಇವೆರಡರ ನಡುವೆ ಕೂತಿದೆ. ಅಲ್ಲಿ ಬೀಳಬಹುದು, ಬೀಳದೆಯೂ ಇರಬಹುದು.

ದಿನಾ ಬೀಳದಿರುವುದಕ್ಕೆ ಕಾರಣವೂ ಇಲ್ಲೇ ಇದೆ. ಈ ಅಂಕಿಗಳೆಲ್ಲ 30 ಡಿಗ್ರಿ ಸೆಲ್ಸಿಯಸ್‌ಗೆ ಗೊತ್ತುಮಾಡಿದವು. ಸೆಕೆಯ ದಿನ ಡಬ್ಬಿಯೊಳಗೆ ಪಕ್ಕದ ಎಂಸಿಬಿಗಳೂ ಬಿಸಿಯಾಗಿದ್ದರೆ ಪಟ್ಟಿ ಬೇಗ ಬಾಗುತ್ತದೆ. ಇನ್ನೊಂದು, 25 ಲೀಟರ್ ನೀರು 25ರಿಂದ 60 ಡಿಗ್ರಿಗೆ ಏರಲು 3000 ವ್ಯಾಟಿನಲ್ಲಿ ಸುಮಾರು 20 ನಿಮಿಷ ಬೇಕು. ಆಮೇಲೆ ಥರ್ಮೋಸ್ಟಾಟ್ ಗೀಸರನ್ನು ತಾನೇ ನಿಲ್ಲಿಸುತ್ತದೆ. ಆಗ ಓವನ್ ಎಷ್ಟು ಹೊತ್ತು ಓಡಿದರೂ ಏನೂ ಆಗಲ್ಲ, ಅಲ್ವಾ? ಬಿದ್ದ ತಕ್ಷಣ ಲಿವರ್ ಎತ್ತಿ ಎರಡನ್ನೂ ಮತ್ತೆ ಹಾಕಿದರೆ ಈ ಸಲ ಇನ್ನೂ ಬೇಗ ಬೀಳುತ್ತದೆ, ಯಾಕೆಂದರೆ ಪಟ್ಟಿ ಇನ್ನೂ ಬಿಸಿಯೇ ಇರುತ್ತದೆ.

ಈಗ 32ರ ವಿಷಯ. ಆ ಎಂಸಿಬಿ 36 ಆಂಪಿಯರಿಗೂ ಒಂದು ಗಂಟೆ ಸುಮ್ನೆ ಇರುತ್ತದೆ. 16ರ ಲೈನಿಗೆ ಸಾಮಾನ್ಯವಾಗಿ ಎಳೆದಿರುವುದು 2.5 ಚದರ ಮಿಲಿಮೀಟರ್ ವೈರ್. ಗೋಡೆಯ ಪೈಪಿನೊಳಗೆ ಅಷ್ಟು ಕರೆಂಟು ಅದರಿಂದ ತಡೆಯಲಾಗದು. ನಾನು ಒಂದು ಮನೆಯಲ್ಲಿ ಹೀಗೆ ದೊಡ್ಡದು ಮಾಡಿದ ಲೈನ್ ಬಿಚ್ಚಿಸಿದಾಗ ವೈರಿನ ಹೊದಿಕೆ ಮೆತ್ತಗಾಗಿ ಪೈಪಿಗೆ ಅಂಟಿಕೊಂಡಿತ್ತು. ಮನೆಯವರಿಗೆ ವಾಸನೆ ಕೂಡ ಬಂದಿರಲಿಲ್ಲ. ವೈರ್ ಬದಲಿಸದೆ ಎಂಸಿಬಿ ದೊಡ್ಡದು ಮಾಡಿ ಅನ್ನುವವರನ್ನು ದಯವಿಟ್ಟು ಬೋರ್ಡ್ ಮುಟ್ಟಲು ಬಿಡಬೇಡಿ.

ಸರಿಯಾದ ದಾರಿ, ಗೀಸರಿಗೆ ಬೋರ್ಡಿನಿಂದಲೇ ಬೇರೆ ಲೈನ್, ಬೇರೆ ಎಂಸಿಬಿ. ಅಲ್ಲಿಯವರೆಗೆ ಗೀಸರಿನ ದೀಪ ಆರಿದ ಮೇಲೆ ಓವನ್ ಹಾಕಿ. ಒಂದು ಸಲ ಎಲೆಕ್ಟ್ರಿಷಿಯನ್‌ರಿಂದ ಆ ಲೈನಿನ ಫೇಸ್ ವೈರಿಗೆ ಮಾತ್ರ ಕ್ಲ್ಯಾಂಪ್ ಮೀಟರ್ ಹಾಕಿಸಿ ನೋಡಿ. ಎರಡೂ ಓಡುವಾಗ 19ರ ಹತ್ತಿರ ತೋರಿಸಿದರೆ ನನ್ನ ಲೆಕ್ಕ ಸರಿ. 13 ಅಥವಾ 14 ತೋರಿಸುತ್ತಿರುವಾಗಲೇ ಎಂಸಿಬಿ ಬಿದ್ದರೆ ಕಥೆ ಬೇರೆ. ಸ್ಕ್ರೂ ಸಡಿಲವಾಗಿ ಅಲ್ಲೇ ಬಿಸಿ ಹುಟ್ಟುತ್ತಿರಬಹುದು. ವೈರಿನ ತುದಿ ಕಂದು ಬಣ್ಣಕ್ಕೆ ತಿರುಗಿದೆಯೇ ನೋಡಿಸಿ. ಎಂಸಿಬಿಯೇ ಕೆಟ್ಟಿರುವ ಅನುಮಾನ ಅದಾದ ಮೇಲೆ.

ಪ್ರಶ್ನೆ: ಪ್ಲಗ್ಗಿಗೆ ಹಾಕುವ ಪವರ್ ಸೇವರ್ ಡಬ್ಬಿಯಿಂದ ಗೀಸರಿನ ಲೋಡ್ ಕಡಿಮೆ ಆಗುತ್ತಾ?

ಇಲ್ಲ. ಗೀಸರಿನ ಕಾಯಿಲ್ ಎಳೆಯುವುದು ಎಳೆದೇ ತೀರುತ್ತದೆ, ಆ ಡಬ್ಬಿ ಮಾರುವವರು ನಿಮ್ಮನ್ನು ಮೋಸ ಮಾಡುತ್ತಿದ್ದಾರೆ.

ಪ್ರಶ್ನೆ: ಲಿವರ್ ಬೀಳದಂತೆ ಟೇಪ್ ಸುತ್ತಿದರೆ?

ಲಿವರ್ ಹಿಡಿದಿಟ್ಟರೂ ಒಳಗೆ ಅದು ಬಿಡಿಸಿಕೊಳ್ಳುತ್ತದೆ, ಹಾಗೆಯೇ ಮಾಡಿರುತ್ತಾರೆ. ಟೇಪ್ ತೆಗೆಯಿರಿ.

ಪ್ರಶ್ನೆ: ನಮ್ಮಲ್ಲಿ ಗೀಸರ್ ಸ್ವಿಚ್ ಒತ್ತಿದ ಕ್ಷಣವೇ ಬೀಳುತ್ತದೆ. ಇದೂ ಓವರ್‌ಲೋಡಾ?

ಅಲ್ಲ. ಎಂಸಿಬಿ ಹಾಗೆ ಬೀಳುತ್ತಿದ್ದರೆ ಅದು ಶಾರ್ಟ್. ಮತ್ತೆ ಮತ್ತೆ ಎತ್ತಿ ಪರೀಕ್ಷೆ ಮಾಡಬೇಡಿ, ಗೀಸರನ್ನು ಬಿಚ್ಚಿ ನೋಡುವವರೆಗೆ ಆ ಲೈನ್ ಬಂದ್ ಇರಲಿ.