ಗ್ರಾಂ ನೋಡಬೇಡಿ, ಬರೀ ಮೋಲ್ ಕೂಡ ನೋಡಬೇಡಿ

ಪ್ರಶ್ನೆ: 28 ಗ್ರಾಂ ನೈಟ್ರೋಜನ್, 5 ಗ್ರಾಂ ಹೈಡ್ರೋಜನ್ ಕೊಟ್ಟು ಅಮೋನಿಯಾ ಎಷ್ಟು ಸಿಗುತ್ತದೆ ಎಂದು ಕೇಳಿದ್ದಾರೆ. ಗ್ರಾಂ ಕಡಿಮೆ ಇರುವುದು ಲಿಮಿಟಿಂಗ್ ರಿಯೇಜೆಂಟಾ, ಮೋಲ್ ಕಡಿಮೆ ಇರುವುದಾ?

ಎರಡೂ ಅಲ್ಲ. ಶಿರಸಿಯಲ್ಲಿ ಪಿಯುಸಿ ಓದುವಾಗ ಇಂಥದ್ದೇ ಲೆಕ್ಕದಲ್ಲಿ ನನ್ನ ಅಂಕವೆಲ್ಲ ಹೋಗಿತ್ತು. ಗ್ರಾಂ ನೋಡಬಾರದು ಎಂಬುದು ಗೊತ್ತಿತ್ತು. ಹಾಗಾಗಿ ಮೋಲ್ ಮಾಡಿದೆ. 28 ÷ 28 = 1 ಮೋಲ್ ನೈಟ್ರೋಜನ್. 5 ÷ 2 = 2.5 ಮೋಲ್ ಹೈಡ್ರೋಜನ್. ಇಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಒಂದು, ಎರಡೂವರೆಗಿಂತ ಚಿಕ್ಕದು, ಅಂದಮೇಲೆ ನೈಟ್ರೋಜನ್ನೇ ಮೊದಲು ಮುಗಿಯುತ್ತದೆ ಎಂದು ಬರೆದುಬಿಟ್ಟೆ. ಸಮೀಕರಣ ಪಕ್ಕದಲ್ಲೇ ಇತ್ತು, ನಾನೇ ಸರಿದೂಗಿಸಿದ್ದು:

N2 + 3H2 → 2NH3

ಆ 3 ಅನ್ನು ಕಣ್ಣೆತ್ತಿ ನೋಡಲಿಲ್ಲ. ನಮ್ಮ ಕಡೆ ಕವಳ ಹಾಕುವ ಅಜ್ಜನೊಬ್ಬ ಒಂದು ಅಡಿಕೆಗೆ ಮೂರು ಎಲೆ ಬೇಕು ಅನ್ನುತ್ತಾನೆ ಅಂದುಕೊಳ್ಳಿ. ತಟ್ಟೆಯಲ್ಲಿ ಅಡಿಕೆ ನಾಲ್ಕು, ಎಲೆ ಹತ್ತು. ಎಲೆಯೇ ಜಾಸ್ತಿ ಇದೆ, ಆದರೂ ಮೊದಲು ಸಾಲದೆ ಹೋಗುವುದು ಎಲೆಯೇ ಅಲ್ವಾ? ಇಲ್ಲಿಯೂ ಹಾಗೇ. 1 ಮೋಲ್ ನೈಟ್ರೋಜನ್ ಪೂರ್ತಿ ಖರ್ಚಾಗಲು 3 ಮೋಲ್ ಹೈಡ್ರೋಜನ್ ಬೇಕು. ಇರುವುದು ಎರಡೂವರೆ.

ನಿಮ್ಮ ಗ್ರಾಂ ಸೂತ್ರ ಈ ಲೆಕ್ಕದಲ್ಲಿ ಸರಿ ಉತ್ತರವನ್ನೇ ಕೊಡುತ್ತದೆ, ಅದೇ ಅಪಾಯ. 5 ಗ್ರಾಂ ಬದಲು 8 ಗ್ರಾಂ ಹೈಡ್ರೋಜನ್ ಇದ್ದಿದ್ದರೆ 4 ಮೋಲ್ ಆಗುತ್ತಿತ್ತು. ಆಗ ಮೊದಲು ಮುಗಿಯುವುದು 28 ಗ್ರಾಂ ಇರುವ ನೈಟ್ರೋಜನ್!

ನನ್ನನ್ನು ಕೇಳಿದರೆ, ಲಿಮಿಟಿಂಗ್ ಯಾವುದು ಎಂದು ಮೊದಲು ಹುಡುಕುವುದನ್ನೇ ಬಿಡಿ. ಎರಡರಿಂದಲೂ ಬೇರೆ ಬೇರೆಯಾಗಿ ಅಮೋನಿಯಾ ಲೆಕ್ಕ ಹಾಕಿ. ನೈಟ್ರೋಜನ್ ಪೂರ್ತಿ ಬಳಕೆಯಾದರೆ 1 × 2 = 2 ಮೋಲ್, 17ರಿಂದ ಗುಣಿಸಿದರೆ 34 ಗ್ರಾಂ. ಹೈಡ್ರೋಜನ್ ಪೂರ್ತಿ ಬಳಕೆಯಾದರೆ 2.5 × 2 ÷ 3 = 1.67 ಮೋಲ್, ಸುಮಾರು 28.3 ಗ್ರಾಂ. ಚಿಕ್ಕ ಉತ್ತರವೇ ಥಿಯರೆಟಿಕಲ್ ಯೀಲ್ಡ್. ಅದನ್ನು ಕೊಟ್ಟ ಹೈಡ್ರೋಜನ್ನೇ ಲಿಮಿಟಿಂಗ್. ಒಂದೇ ಏಟಿಗೆ ಎರಡೂ ಸಿಕ್ಕಿತು.

ನಾನು ಬರೆದಿದ್ದ 34 ಗ್ರಾಂ ತಪ್ಪು ಎಂದು ತಿಳಿಯಲು ಮೋಲ್ ಕೂಡ ಬೇಕಿರಲಿಲ್ಲ. ಹಾಕಿದ ಸಾಮಾನೇ ಒಟ್ಟು 33 ಗ್ರಾಂ. ಅದಕ್ಕಿಂತ ಜಾಸ್ತಿ ಅಮೋನಿಯಾ ಎಲ್ಲಿಂದ ಬರಬೇಕು? ಸರಿ ಉತ್ತರವನ್ನೂ ಹೀಗೇ ಪರೀಕ್ಷಿಸಿ. 2.5 ಮೋಲ್ ಹೈಡ್ರೋಜನ್‌ಗೆ 0.833 ಮೋಲ್ ನೈಟ್ರೋಜನ್ ಸಾಕು, ಅಂದರೆ 23.3 ಗ್ರಾಂ. ಉಳಿದದ್ದು 4.7 ಗ್ರಾಂ. ಅದಕ್ಕೆ 28.3 ಸೇರಿಸಿದರೆ ಸರಿಯಾಗಿ 33.