ಸ್ಟಾಕ್ ನಿಂತ್ರೆ ಕೈಯಲ್ಲಿರುವ ಪುಟ್ ಎಂತ ಆಗ್ತದೆ?

"ನನ್ನ ಹತ್ರ ಒಂದು ಸ್ಟಾಕಿನ ಪುಟ್ ಉಂಟು, ಎಕ್ಸ್‌ಪೈರಿಗೆ ಇನ್ನೂ ಸುಮಾರು ಎರಡು ತಿಂಗಳು. ಕಂಪನಿ ಬೇರೆಯದ್ರೊಟ್ಟಿಗೆ ಮರ್ಜ್ ಆಗಿ ಡೀಲಿಸ್ಟ್ ಆಗ್ತದಂತೆ. ಟ್ರೇಡಿಂಗೇ ನಿಂತ್ರೆ ನನ್ನ ಆಪ್ಷನ್ ಕತೆ ಎಂತ? ಹೆಚ್ಚೆಂದ್ರೆ ಕೊಟ್ಟ ಪ್ರೀಮಿಯಂ ಹೋಗ್ತದೆ ಅಷ್ಟೇ ಅಲ್ವಾ?"

ಅಷ್ಟೇ ಅಲ್ಲ ಮಾರಾಯ್ರೆ, ಆ ಕೊನೆಯ ಮಾತಿಗೋಸ್ಕರವೇ ಇಷ್ಟುದ್ದ ಬರೀತಿದ್ದೇನೆ. ನಾನು ಉಡುಪಿಯಲ್ಲಿ ಒಂದು ಸಬ್‌ಬ್ರೋಕರ್ ಆಫೀಸಲ್ಲಿ ಡೀಲರ್, ಈ ತಪ್ಪು ಕಲ್ಪನೆ ವಾರಕ್ಕೆ ಒಂದು ಸಲ ಆದ್ರೂ ಕೌಂಟರಿಗೆ ಬರ್ತದೆ.

ಮೊದಲು ಒಂದು ವಿಷಯ ಬಿಡಿಸಿ ಹೇಳ್ತೇನೆ, ಯಾಕಂದ್ರೆ ಟ್ರೇಡಿಂಗ್ ನಿಲ್ಲುವುದು ಅಂದ್ರೆ ಎಲ್ಲ ಒಂದೇ ಅಲ್ಲ. ಇಡೀ ಮಾರ್ಕೆಟ್ ನಿಲ್ಲುವುದು ಒಂದು. 2020ರ ಮಾರ್ಚ್ 23ಕ್ಕೆ ನಿಫ್ಟಿ ಬೆಳಿಗ್ಗೆ ಹತ್ತು ಗಂಟೆ ಆಗುವ ಮೊದ್ಲೇ 10% ಬಿದ್ದು 45 ನಿಮಿಷ ಎಲ್ಲ ಬಂದ್, ಕ್ಯಾಶೂ ಬಂದ್ ಆಪ್ಷನ್ನೂ ಬಂದ್. ಆಗ ನಿಮ್ಮ ಪೊಸಿಷನ್ನಿಗೆ ಎಂತದೂ ಆಗುವುದಿಲ್ಲ, ಇದ್ದಲ್ಲೇ ಇರ್ತದೆ, ನೀವು ಹೊರಗೆ ಬರ್ಲಿಕ್ಕೆ ಆಗುವುದಿಲ್ಲ ಅಷ್ಟೇ. ಅವತ್ತು ತೆರೆದ ಮೇಲೆ ಇನ್ನೂ ಇಳಿದು ಸುಮಾರು 13% ಕೆಳಗೆ ಕ್ಲೋಸ್ ಆಯ್ತು. ಇನ್ನೊಂದು, ಒಂದೇ ಸ್ಟಾಕಿಗೆ ಸರ್ಕ್ಯೂಟ್ ಬೀಳುವುದು, ಅಂದ್ರೆ ದಿನದ ಬೆಲೆ ಮಿತಿ ಮುಟ್ಟಿ ನಿಲ್ಲುವುದು. ಆ 5%, 20% ಲೋವರ್ ಸರ್ಕ್ಯೂಟಲ್ಲಿ ದಿನಗಟ್ಟಲೆ ಸಿಕ್ಕಿಕೊಳ್ಳುವ ಕತೆ ಆಪ್ಷನ್ ಇಲ್ಲದ ಸ್ಟಾಕುಗಳದ್ದು. ಎಫ್ ಆಂಡ್ ಓ, ಅಂದ್ರೆ ಫ್ಯೂಚರ್ ಆಪ್ಷನ್ ಇರುವ ಸ್ಟಾಕಿಗೆ ಕಾಯಂ ಸರ್ಕ್ಯೂಟ್ ಇಲ್ಲ, 10%ರಲ್ಲಿ ಒಂದು ಬೇಲಿ ಇರ್ತದೆ, ಅಲ್ಲಿ ಮುಟ್ಟಿ ಸ್ವಲ್ಪ ಹೊತ್ತು ಟ್ರೇಡ್ ಆದ್ರೆ ಬೇಲಿಯನ್ನೇ ಆಚೆ ಸರಿಸ್ತಾರೆ. ಹಾಗೆಯೇ ಒಂದು ಸ್ಟಾಕನ್ನು ಎಫ್ ಆಂಡ್ ಓ ಪಟ್ಟಿಯಿಂದ ತೆಗೆದ್ರು ಅಂದ್ರೆ ಅದು ಡೀಲಿಸ್ಟಿಂಗ್ ಅಲ್ಲ, ಸಾಮಾನ್ಯವಾಗಿ ಇದ್ದ ತಿಂಗಳುಗಳು ಮುಗಿಯುವವರೆಗೆ ನಡೀತದೆ, ಹೊಸ ತಿಂಗಳು ಬರುವುದಿಲ್ಲ ಅಷ್ಟೇ.

ನಿಮ್ಮದು ಇದ್ಯಾವುದೂ ಅಲ್ಲ, ಮರ್ಜರ್. ಇದಕ್ಕೆ ಒಳ್ಳೆ ಉದಾಹರಣೆ ಎಚ್‌ಡಿಎಫ್‌ಸಿ ಲಿಮಿಟೆಡ್. 2023ರ ಜುಲೈ 1ಕ್ಕೆ ಅದು ಎಚ್‌ಡಿಎಫ್‌ಸಿ ಬ್ಯಾಂಕೊಟ್ಟಿಗೆ ಸೇರಿತು, ರೆಕಾರ್ಡ್ ಡೇಟ್ ಜುಲೈ 13. ಶೇರು ಇಟ್ಟುಕೊಂಡವರಿಗೆ 25ಕ್ಕೆ 42ರ ಲೆಕ್ಕದಲ್ಲಿ ಬ್ಯಾಂಕಿನ ಶೇರು ಬಂತು, ಅಂದ್ರೆ 300 ಇದ್ದವರಿಗೆ 504. ಆದ್ರೆ ಆಪ್ಷನ್ ಇಟ್ಟುಕೊಂಡವರಿಗೆ ಈ ಬದಲಿ ಸಿಗ್ಲಿಲ್ಲ. ಜುಲೈ, ಆಗಸ್ಟ್, ಸೆಪ್ಟೆಂಬರ್ ಕಾಂಟ್ರಾಕ್ಟ್ ಎಲ್ಲದರ ಎಕ್ಸ್‌ಪೈರಿಯನ್ನೂ ಹಿಂದಕ್ಕೆ ಎಳೆದು ಜುಲೈ 12ಕ್ಕೆ ತಂದು ಅಲ್ಲಿಗೇ ಮುಗಿಸಿದ್ರು. ಬೋನಸ್ಸೋ ಸ್ಪ್ಲಿಟ್ಟೋ ಆದ್ರೆ ಸ್ಟ್ರೈಕು ಲಾಟು ಸರಿ ಮಾಡಿ ಕಾಂಟ್ರಾಕ್ಟ್ ಮುಂದುವರಿಸ್ತಾರೆ, ಸ್ಟಾಕೇ ಮಾಯ ಆಗುವಾಗ ಹಾಗೆ ಮಾಡುವುದಿಲ್ಲ.

ಈಗ ನಿಮ್ಮ ಪುಟ್ಟಿಗೆ, ಅಂದ್ರೆ ಸ್ಟ್ರೈಕ್ ಬೆಲೆಗೆ ಶೇರು ಮಾರುವ ನಿಮ್ಮ ಹಕ್ಕಿಗೆ ಬರುವ. ಲೆಕ್ಕಕ್ಕೆ ಹೀಗೆ ಹಿಡಿಯಿರಿ, ಸ್ಟಾಕ್ 500 ರೂಪಾಯಿ, ನಿಮ್ಮದು 520ರ ಪುಟ್, ಲಾಟ್ 1000, ನೀವು ಕೊಟ್ಟದ್ದು 45 ರೂಪಾಯಿ ಪ್ರೀಮಿಯಂ, ಒಟ್ಟು 45,000. ಆ 45ರಲ್ಲಿ 20 ರೂಪಾಯಿ ಸ್ಟ್ರೈಕಿಗೂ ಬೆಲೆಗೂ ಇರುವ ವ್ಯತ್ಯಾಸ, ಬಾಕಿ 25 ನೀವು ಎರಡು ತಿಂಗಳ ಸಮಯಕ್ಕೆ ಕೊಟ್ಟದ್ದು. ಎಕ್ಸ್‌ಪೈರಿ ಮುಂದಿನ ವಾರಕ್ಕೇ ಅಂತ ಸರ್ಕ್ಯುಲರ್ ಬಂದ ಕೂಡ್ಲೇ ಆ 25ರಲ್ಲಿ ಹೆಚ್ಚಿನ ಪಾಲು ಕರಗಿ ಹೋಗ್ತದೆ, ಸ್ಟಾಕ್ ಒಂದು ರೂಪಾಯಿ ಅಲ್ಲಾಡದಿದ್ರೂ. ನಿಮಗೆ ಉಳಿಯುವುದು 20,000ದ ಹತ್ರ. ಇದು ಬೇಜಾರಿನ ವಿಷಯ, ಆದ್ರೆ ಇದರಲ್ಲಿ ಅಪಾಯ ಇಲ್ಲ.

ಅಪಾಯ ಇರುವುದು ಆ ಉಳಿದ 20,000ದಲ್ಲಿ. ನಮ್ಮಲ್ಲಿ 2019ರಿಂದ ಎಲ್ಲ ಸ್ಟಾಕ್ ಆಪ್ಷನ್ನೂ ಫಿಸಿಕಲ್ ಸೆಟ್ಲ್‌ಮೆಂಟ್, ಅಂದ್ರೆ ವ್ಯತ್ಯಾಸದ ದುಡ್ಡಲ್ಲ, ಶೇರನ್ನೇ ಕೊಟ್ಟು ತೆಗೆದುಕೊಳ್ಳುವುದು. ಇನ್ ದಿ ಮನಿ ಇದ್ದ, ಅಂದ್ರೆ ನಿಮ್ಮ ಪುಟ್ಟಿನ ಹಾಗೆ ಸ್ಟ್ರೈಕಿಗೂ ಬೆಲೆಗೂ ಇರುವ ವ್ಯತ್ಯಾಸ ಕೊಂಡವನ ಪರ ಇರುವ ಆಪ್ಷನ್ ತನ್ನಷ್ಟಕ್ಕೇ ಎಕ್ಸರ್‌ಸೈಜ್ ಆಗ್ತದೆ, ನನಗೆ ಬೇಡ ಅಂತ ಹೇಳುವ ಸೌಲಭ್ಯ ಮೊದ್ಲು ಇತ್ತು, 2023ರ ಮಾರ್ಚ್ ಎಕ್ಸ್‌ಪೈರಿಯಿಂದ ಅದನ್ನೂ ತೆಗೆದ್ರು. ಅಂದ್ರೆ ನಿಮ್ಮ ಪುಟ್ ಕ್ಲೋಸ್ ಮಾಡದೆ ಬಿಟ್ರೆ ನೀವು 1000 ಶೇರನ್ನು 520ಕ್ಕೆ ಕೊಡ್ಲೇಬೇಕು. ಡಿಮ್ಯಾಟಲ್ಲಿ ಶೇರು ಉಂಟಾ? ಇದ್ರೆ ಆರಾಮ, 5,20,000 ಬರ್ತದೆ. ಇಲ್ಲದಿದ್ರೆ ಅದು ಶಾರ್ಟ್ ಡೆಲಿವರಿ. ಮಾಮೂಲಿ ದಿನಗಳಲ್ಲಿ ಎಕ್ಸ್‌ಚೇಂಜ್ ಆಕ್ಷನ್ ಮಾಡಿ ಯಾರಿಂದಲೋ ಶೇರು ತೆಗೆದು ಕೊಡ್ತದೆ, ಇಲ್ಲಿ ಸ್ಟಾಕಿನ ಟ್ರೇಡಿಂಗೇ ಮುಗಿದು ಹೋಗಿದೆ, ಆಕ್ಷನ್ನಿಗೆ ಶೇರು ಎಲ್ಲಿಂದ ಬರ್ಬೇಕು? ಹಾಗಾಗಿ ದುಡ್ಡಿನಲ್ಲೇ ಕ್ಲೋಸ್‌ಔಟ್ ಮಾಡ್ತಾರೆ, ಅದೂ ದಂಡ ಸೇರಿಸಿದ ಬೆಲೆಯಲ್ಲಿ. 500ಕ್ಕೆ 20% ಸೇರಿ 600 ಆಯ್ತು ಅಂತ ಹಿಡಿದ್ರೆ, ನಿಮಗೆ ಬರಬೇಕಾದ್ದು 520, ನಿಮ್ಮಿಂದ ಹೋಗುವುದು 600, ಶೇರಿಗೆ 80ರಂತೆ 80,000 ಲಾಸ್, ಅದರ ಮೇಲೆ ಮೊದ್ಲು ಕೊಟ್ಟ 45,000ವೂ ಹೋಯ್ತು. ಇನ್ ದಿ ಮನಿ ಇದ್ದ ಪುಟ್ ಇಟ್ಟುಕೊಂಡು ಹೀಗಾಗುವುದು ನೋಡಿ, ಪ್ರೀಮಿಯಂ ಮಾತ್ರ ಹೋಗ್ತದೆ ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ.

ಇದು ಬರುವ ಮೊದ್ಲು ಗುರುತು ಸಿಗ್ತದೆ. ರೆಕಾರ್ಡ್ ಡೇಟ್ ಘೋಷಣೆ ಆದ್ರೆ ಎಕ್ಸ್‌ಚೇಂಜಿನ ಸರ್ಕ್ಯುಲರ್ ಹುಡುಕಿ, ನಿಮ್ಮ ಕಾಂಟ್ರಾಕ್ಟಿನ ಹೊಸ ಎಕ್ಸ್‌ಪೈರಿ ದಿನ ಅದರಲ್ಲಿ ಇರ್ತದೆ. ಇನ್ನೊಂದು ಗುರುತು ಮಾರ್ಜಿನ್. ಎಕ್ಸ್‌ಪೈರಿಗೆ ನಾಲ್ಕು ದಿನ ಇರುವಾಗಿಂದ ಇನ್ ದಿ ಮನಿ ಆಪ್ಷನ್ ಕೊಂಡವರ ಮೇಲೂ ಡೆಲಿವರಿ ಮಾರ್ಜಿನ್ ಬೀಳ್ತದೆ, ಮೊದ್ಲ ದಿನ 10%, ಮತ್ತೆ 25, 45, 70 ಅಂತ ಏರ್ತಾ ಹೋಗ್ತದೆ. ಆಪ್ಷನ್ ಕೊಂಡವನಿಗೆ ಎಂತ ಮಾರ್ಜಿನ್ ಅಂತ ಸುಮಾರು ಜನ ಫೋನ್ ಮಾಡಿ ಬೈತಾರೆ, ಪಾಪ ಅವರಿಗೆ ದಿನ ಹತ್ತಿರ ಬಂದದ್ದೇ ಗೊತ್ತಿರುವುದಿಲ್ಲ.

ಮಾಡ್ಬೇಕಾದ್ದು, ಸರ್ಕ್ಯುಲರ್ ಬಂದ ದಿನವೇ ಪುಟ್ಟನ್ನು ಮಾರ್ಲಿಕ್ಕೆ ನೋಡಿ. ಕೊನೆ ಕೊನೆಗೆ ಖರೀದಿಯವರು ಕಮ್ಮಿ ಆಗ್ತಾರೆ, 20 ರೂಪಾಯಿಯ ಪುಟ್ಟಿಗೆ 14 ಕೇಳುವವರು ಮಾತ್ರ ಇರ್ತಾರೆ, ಮಾರ್ಕೆಟ್ ಆರ್ಡರ್ ಹಾಕ್ಲೇಬೇಡಿ, ಲಿಮಿಟ್ ಹಾಕಿ. ಹಾಗೆ ಒಳ್ಳೆ ರೇಟು ಸಿಗದಿದ್ರೆ ಇನ್ನೊಂದು ದಾರಿ ಉಂಟು. ಅದೇ ಎಕ್ಸ್‌ಪೈರಿಯ ಫ್ಯೂಚರ್ ಒಂದು ಲಾಟ್ ಕೊಂಡ್ರೆ ಫ್ಯೂಚರಲ್ಲಿ ನಿಮಗೆ 1000 ಶೇರು ಬರಬೇಕು, ಪುಟ್ಟಲ್ಲಿ ನೀವು 1000 ಕೊಡಬೇಕು, ಎರಡೂ ಒಂದಕ್ಕೊಂದು ವಜಾ ಆಗಿ ಡೆಲಿವರಿಯ ತಲೆಬಿಸಿ ಇಲ್ಲ. ಫ್ಯೂಚರಿನ ಮಾರ್ಜಿನ್ ದುಡ್ಡು ಅಕೌಂಟಲ್ಲಿ ಬೇಕು ಅಷ್ಟೇ. ಇಲ್ಲದಿದ್ರೆ ಶೇರನ್ನೇ ಕೊಳ್ಳಿ, ಆದ್ರೆ ಡಿಮ್ಯಾಟಿಗೆ ಬಂದು ಸೇರುವಷ್ಟು ಮೊದಲೇ.

ನಮ್ಮ ಆಫೀಸಿಗೆ ಬರುವ ಒಬ್ಬರು ರಿಟೈರ್ಡ್ ಮಾಷ್ಟ್ರು 2023ರ ಜುಲೈಯಲ್ಲಿ ಸೆಪ್ಟೆಂಬರ್ ಕಾಲ್ ಇಟ್ಟುಕೊಂಡು ಕೂತಿದ್ರು, ನಾನು ಸರ್ಕ್ಯುಲರ್ ಪ್ರಿಂಟ್ ತೆಗೆದು ಕೈಗೆ ಕೊಟ್ಟಾಗ "ಸೆಪ್ಟೆಂಬರ್ ಅಂತ ಬರೆದದ್ದು ಜುಲೈ ಹೇಗಾಗ್ತದೆ ಹೇಳಿ" ಅಂತ ಕೇಳಿದ್ರು. ನ್ಯಾಯದ ಪ್ರಶ್ನೆಯೇ. ಅವತ್ತು ಮಧ್ಯಾಹ್ನ ಊಟಕ್ಕೆ ಹೋಗುವ ಮೊದ್ಲು ಸಿಕ್ಕಿದ ರೇಟಿಗೆ ಮಾರಿಸಿದೆ, ಕೊಂಡ ರೇಟಿಗಿಂತ ಕಮ್ಮಿಯೇ, ಆದ್ರೆ ಡೆಲಿವರಿಗೆ ಹೋಗ್ಲಿಲ್ಲ. ನಿಮ್ಮದು ಯಾವ ಸ್ಟ್ರೈಕು, ಶೇರು ಎಷ್ಟು ಉಂಟು ಅಂತ ಕೆಳಗೆ ಹಾಕಿ, ಲೆಕ್ಕ ಮಾಡಿ ಹೇಳ್ತೇನೆ.